ಪನೀರ್ ಗಟ್ಟಿ ಪದಾರ್ಥವಲ್ಲ: ಬೂಷ್ಟು ಹಿಡಿದ ಚೀಸನ್ನು ಕತ್ತರಿಸಿ ಉಳಿಸುವುದು ಯಾವಾಗ, ಎಸೆಯುವುದು ಯಾವಾಗ

ಎಲ್ಲರಿಗೂ ನಮಸ್ಕಾರ. ಈ ಸಂಜೆಯ ವಿಷಯವನ್ನು ಒಂದು ಪ್ರಶ್ನೆಯಾಗಿಯೇ ನಿಮ್ಮ ಮುಂದಿಡುತ್ತೇನೆ. ಒಂದು ಮನೆಯ ಫ್ರಿಜ್‌ನಲ್ಲಿ ಎರಡು ಪೊಟ್ಟಣಗಳಿವೆ ಎಂದುಕೊಳ್ಳೋಣ. ಒಂದರಲ್ಲಿ 200 ಗ್ರಾಂ ಪನೀರ್ ಇದೆ, ಇನ್ನೊಂದರಲ್ಲಿ ಒಂದು ಕಿಲೋ ತೂಕದ ಚೆಡ್ಡಾರ್ ಚೀಸ್ ಇದೆ. ಎರಡರ ಮೇಲೂ ಸುಮಾರು ಒಂದು ಸೆಂಟಿಮೀಟರ್ ಅಗಲದ, ಹಸಿರು ಮಿಶ್ರಿತ ಬೂದು ಬಣ್ಣದ ಬೂಷ್ಟಿನ ಚುಕ್ಕೆ ಕಾಣಿಸಿಕೊಂಡಿದೆ. ಚುಕ್ಕೆಯ ಗಾತ್ರ ಒಂದೇ, ಬಣ್ಣ ಒಂದೇ, ಬಹುಶಃ ಜಾತಿಯೂ ಒಂದೇ. ಆದರೂ ಚೆಡ್ಡಾರನ್ನು ಕತ್ತರಿಸಿ ಉಳಿಸಿಕೊಳ್ಳಬಹುದು, ಪನೀರನ್ನು ಮಾತ್ರ ಪೂರ್ತಿಯಾಗಿ ಎಸೆಯಬೇಕು. ಹೀಗೇಕೆ ಎಂಬುದು ಅರ್ಥವಾದರೆ ಅಂಗಡಿಯಲ್ಲಿ ಸಿಗುವ ಯಾವ ಚೀಸ್ ನಿಮ್ಮ ಕೈಗೆ ಬಂದರೂ ನೀವೇ ತೀರ್ಮಾನ ಮಾಡಬಲ್ಲಿರಿ. ಆದ್ದರಿಂದ ನಿಯಮವನ್ನು ಹೇಳುವುದಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಕಾರಣವನ್ನು ಹೇಳಲು ಈ ಸಮಯವನ್ನು ಬಳಸಿಕೊಳ್ಳುತ್ತೇನೆ.

ನಮ್ಮ ಕಣ್ಣಿಗೆ ಬೀಳುವ ಬಣ್ಣದ ಚುಕ್ಕೆ ಶಿಲೀಂಧ್ರದ ಒಂದು ಭಾಗ ಮಾತ್ರ. ಅದು ಬೀಜಕಣಗಳು ಬಲಿತು ಹಾರಲು ಸಿದ್ಧವಾಗಿರುವ ಮೇಲ್ತುದಿ. ಅದರ ಕೆಳಗೆ, ಸುತ್ತಲೂ, ತಲೆಗೂದಲಿಗಿಂತ ಹತ್ತಾರು ಪಟ್ಟು ತೆಳುವಾದ ಬಣ್ಣವಿಲ್ಲದ ತಂತುಗಳು ಆಹಾರದೊಳಗೆ ಹರಡಿಕೊಂಡಿರುತ್ತವೆ. ಬಣ್ಣ ಮೂಡುವ ಮೊದಲೇ ಈ ತಂತುಗಳು ಬೆಳೆದಿರುತ್ತವೆ. ಅಂದರೆ ಚುಕ್ಕೆ ಕಾಣಿಸಿದ ದಿನ ಬೆಳವಣಿಗೆ ಆರಂಭವಾದ ದಿನವಲ್ಲ. ಈ ತಂತುಗಳು ಎಷ್ಟು ದೂರ ಹೋಗಿವೆ ಎಂಬುದನ್ನು ಶಿಲೀಂಧ್ರಕ್ಕಿಂತ ಹೆಚ್ಚಾಗಿ ಅದು ನೆಲೆಸಿದ ಪದಾರ್ಥವೇ ನಿರ್ಧರಿಸುತ್ತದೆ. ಗರಿಕೆ ಹುಲ್ಲು ಸಡಿಲವಾದ ಹಸಿ ಮಣ್ಣಿನಲ್ಲಿ ಆಳಕ್ಕೂ ಅಗಲಕ್ಕೂ ಬೇರು ಬಿಡುವಂತೆ, ಗಟ್ಟಿಯಾಗಿ ಒಣಗಿದ ಕಣದ ನೆಲದಲ್ಲಿ ಬಿಡಲಾರದು. ಶಿಲೀಂಧ್ರದ ವಿಷಯವೂ ಹಾಗೆಯೇ. ಅದಕ್ಕೆ ಬೇಕಾದುದು ನೀರು ಮತ್ತು ಗಾಳಿ. ಒತ್ತಾಗಿ ಹೆಪ್ಪುಗಟ್ಟಿದ, ನೀರು ಕಡಿಮೆ ಇರುವ ಚೀಸ್‌ನ ಒಳಭಾಗದಲ್ಲಿ ಇವೆರಡೂ ಅದಕ್ಕೆ ಸಾಕಷ್ಟು ಸಿಗುವುದಿಲ್ಲ. ಆದ್ದರಿಂದ ಅದು ಬಹುಮಟ್ಟಿಗೆ ಮೇಲ್ಪದರದಲ್ಲಿಯೇ ಉಳಿಯುತ್ತದೆ.

ಈಗ ಅಂಕಿಗಳನ್ನು ನೋಡೋಣ, ಮೂರೇ ಸಾಕು. ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಮಾನದಂಡದ ಪ್ರಕಾರ ಪನೀರಿನಲ್ಲಿ ತೇವಾಂಶ ಶೇಕಡಾ 60ರವರೆಗೆ ಇರಬಹುದು. ಚೆಡ್ಡಾರ್‌ನಲ್ಲಿ ಅದು ಶೇಕಡಾ 39ನ್ನು ಮೀರುವಂತಿಲ್ಲ. ತಿಂಗಳುಗಟ್ಟಲೆ ಮಾಗಿಸಿ ಒಣಗಿಸುವ ಪಾರ್ಮೆಸಾನ್‌ನಂತಹ ಚೀಸ್‌ನಲ್ಲಿ ಶೇಕಡಾ 30ರ ಆಸುಪಾಸಿನಲ್ಲಿರುತ್ತದೆ. ಇಲ್ಲಿ ನೀರಿನ ಪ್ರಮಾಣವಷ್ಟೇ ಮುಖ್ಯವಲ್ಲ, ಆ ನೀರು ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ದಕ್ಕುತ್ತದೆಯೇ ಎಂಬುದೂ ಮುಖ್ಯ. ಚೆಡ್ಡಾರ್ ಮಾಡುವಾಗ ಹೆಪ್ಪಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿ ಪರಿವರ್ತಿಸುತ್ತವೆ, ಬಳಿಕ ಉಪ್ಪು ಬೆರೆಸಿ ಒತ್ತುತ್ತಾರೆ, ಆಮೇಲೆ ತಿಂಗಳುಗಳ ಕಾಲ ತಂಪಿನಲ್ಲಿ ಮಾಗಿಸುತ್ತಾರೆ. ಉಳಿದ ಅಲ್ಪಸ್ವಲ್ಪ ನೀರನ್ನು ಉಪ್ಪು ಹಿಡಿದಿಟ್ಟುಕೊಂಡಿರುತ್ತದೆ, ಆಮ್ಲವು ಅನೇಕ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ಜೊತೆಗೆ ಹೆಪ್ಪಿನ ಜೀವಿಗಳು ಮೊದಲೇ ಅಲ್ಲಿ ನೆಲೆಯೂರಿರುವುದರಿಂದ ಹೊಸದಾಗಿ ಬಂದವುಗಳಿಗೆ ಜಾಗವೂ ಕಡಿಮೆ.

ಪನೀರಿನಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಬಿಸಿ ಹಾಲಿಗೆ ನಿಂಬೆರಸವನ್ನೋ ಸಿಟ್ರಿಕ್ ಆಮ್ಲವನ್ನೋ ಹಾಕಿ ಒಡೆಯುತ್ತೇವೆ, ನೀರನ್ನು ಬಸಿದು ಬಟ್ಟೆಯಲ್ಲಿ ಕಟ್ಟಿ ಒತ್ತುತ್ತೇವೆ. ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ, ಹೆಪ್ಪು ಇಲ್ಲ, ಮಾಗಿಸುವುದೂ ಇಲ್ಲ. ಹಾಕಿದ ಆಮ್ಲದ ಬಹುಭಾಗ ಬಸಿದ ನೀರಿನೊಂದಿಗೆ ಹೊರಟುಹೋಗಿ, ಉಳಿದ ಪನೀರು ತೀರ ಸೌಮ್ಯವಾದ ಹುಳಿಯದಾಗಿರುತ್ತದೆ. ಹಾಗಿದ್ದೂ ಅದು ಚಾಕುವಿಗೆ ಚೌಕಾಕಾರದ ತುಂಡುಗಳಾಗಿ ಸಿಗುತ್ತದೆ, ಬಾಣಲೆಯಲ್ಲಿ ಕರಗುವುದಿಲ್ಲ, ಕೈಗೆ ಗಟ್ಟಿಯಾಗಿಯೇ ತೋರುತ್ತದೆ. ನಮ್ಮನ್ನು ದಾರಿ ತಪ್ಪಿಸುವುದು ಇದೇ. ಬಿಸಿ ಮತ್ತು ಆಮ್ಲ ಎರಡೂ ಸೇರಿ ಹಾಲಿನ ಪ್ರೋಟೀನನ್ನು ಬಲೆಯಂತೆ ಹೆಣೆದಿರುವುದರಿಂದ ಬಂದ ಆಕಾರದ ಗಟ್ಟಿತನ ಅದು. ನೀರು ಕಡಿಮೆಯಾದುದರಿಂದ ಬಂದದ್ದಲ್ಲ. ಆ ಬಲೆಯ ಕಣ್ಣುಗಳಲ್ಲಿ ನೀರು ತುಂಬಿಕೊಂಡೇ ಇರುತ್ತದೆ. ಅಂಗಡಿಯಿಂದ ತಂದ ಪನೀರನ್ನು ತಟ್ಟೆಯಲ್ಲಿಟ್ಟು ಅದರ ಮೇಲೆ ಭಾರವಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ತಟ್ಟೆಯಲ್ಲಿ ನೀರು ನಿಲ್ಲುವುದನ್ನು ನೀವೇ ಕಾಣಬಹುದು. ಚೆಡ್ಡಾರ್‌ಗೆ ಅದೇ ರೀತಿ ಮಾಡಿದರೆ ಏನೂ ಜಿನುಗುವುದಿಲ್ಲ. ಆದ್ದರಿಂದ ಗಡಸುತನವನ್ನು ಆಧರಿಸಿ ಚೀಸ್‌ಗಳನ್ನು ವಿಂಗಡಿಸುವಾಗ ಪನೀರನ್ನು ಮೃದುವಾದ ಹಸಿ ಚೀಸ್‌ಗಳ ಸಾಲಿನಲ್ಲಿಯೇ, ಕಾಟೇಜ್ ಚೀಸ್ ಮತ್ತು ರಿಕೋಟಾಗಳ ಪಕ್ಕದಲ್ಲಿಯೇ ಇಡಬೇಕು.

ಮೃದು ಚೀಸನ್ನು ಎಸೆಯಬೇಕು ಎನ್ನುವುದಕ್ಕೆ ತಂತುಗಳು ಆಳಕ್ಕೆ ಇಳಿಯುತ್ತವೆ ಎಂಬುದು ಒಂದು ಕಾರಣ. ಎರಡನೆಯ ಕಾರಣವನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಪನೀರಿನ ಮಟ್ಟಿಗೆ ಅದೇ ಹೆಚ್ಚು ಭಾರವಾದದ್ದು. ಬೂಷ್ಟು ನಿಧಾನವಾಗಿ ಬೆಳೆಯುವ ಜೀವಿ. ಪನೀರಿನಂತಹ ಒದ್ದೆ ಪದಾರ್ಥದಲ್ಲಿ ಅದಕ್ಕಿಂತ ವೇಗವಾಗಿ ಬೆಳೆಯುವುದು ಬ್ಯಾಕ್ಟೀರಿಯಾ. ಪನೀರಿನ ಮೇಲೆ ಬೂಷ್ಟು ಬಣ್ಣ ಪಡೆಯುವಷ್ಟು ದಿನ ಕಳೆದಿದೆ ಎಂದರೆ ಅಷ್ಟೇ ದಿನ ಬ್ಯಾಕ್ಟೀರಿಯಾಗಳಿಗೂ ಸಿಕ್ಕಿದೆ ಎಂದರ್ಥ, ಮತ್ತು ಅವುಗಳಲ್ಲಿ ಎಲ್ಲವೂ ಕಣ್ಣಿಗಾಗಲಿ ಮೂಗಿಗಾಗಲಿ ಸುಳಿವು ಕೊಡುವುದಿಲ್ಲ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲಿಯೂ ಬೆಳೆಯಬಲ್ಲದು. ಆರೋಗ್ಯವಂತರಿಗೆ ಅದರಿಂದ ಹೆಚ್ಚಿನ ತೊಂದರೆ ಆಗದಿರಬಹುದು, ಆದರೆ ಗರ್ಭಿಣಿಯರಲ್ಲಿ ಅದು ಗರ್ಭಪಾತಕ್ಕೆ ಕಾರಣವಾಗಬಲ್ಲದು. ನವಜಾತ ಶಿಶುಗಳು, ವೃದ್ಧರು ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದವರ ಪ್ರಾಣಕ್ಕೂ ಅದು ಅಪಾಯ. ಹೀಗಾಗಿ ಪನೀರಿನ ಮೇಲಿನ ಚುಕ್ಕೆಯನ್ನು ಕಾಲ ಮೀರಿದೆ ಎಂಬ ಸೂಚನೆಯಾಗಿ ಓದಬೇಕು. ಚುಕ್ಕೆಯನ್ನು ಕೆತ್ತಿ ತೆಗೆದರೆ ಸೂಚನೆ ಹೋಗುತ್ತದೆ, ಮೀರಿದ ಕಾಲ ಹಿಂದಿರುಗುವುದಿಲ್ಲ.

ಮೂರನೆಯದು ಶಿಲೀಂಧ್ರಗಳು ತಾವೇ ಉತ್ಪಾದಿಸುವ ವಿಷಗಳು. ಚೀಸ್ ಮೇಲೆ ಬರುವ ಬೂಷ್ಟಿನಲ್ಲಿ ಹೆಚ್ಚಿನದು ಪೆನಿಸಿಲಿಯಂ ಗುಂಪಿಗೆ ಸೇರಿದ್ದು. ಅದರಲ್ಲಿ ಪೆನಿಸಿಲಿಯಂ ಕಮ್ಯೂನ್ ಎಂಬ ಜಾತಿ ಸೈಕ್ಲೋಪಿಯಾಝೋನಿಕ್ ಆಮ್ಲವೆಂಬ ವಿಷವನ್ನು ತಯಾರಿಸಬಲ್ಲದು, ಬೇರೆ ಕೆಲವು ಜಾತಿಗಳು ಮೂತ್ರಪಿಂಡಕ್ಕೆ ಹಾನಿ ಮಾಡುವ ಆಕ್ರಾಟಾಕ್ಸಿನನ್ನು ತಯಾರಿಸಬಲ್ಲವು. ಎಲ್ಲ ಚುಕ್ಕೆಯಲ್ಲೂ ವಿಷವಿರುತ್ತದೆ ಎಂದು ನಾನು ಹೇಳುತ್ತಿಲ್ಲ. ತಂಪಾದ ಫ್ರಿಜ್‌ನಲ್ಲಿ ಅದರ ಉತ್ಪಾದನೆ ಸಾಮಾನ್ಯವಾಗಿ ಕಡಿಮೆಯೇ. ಆದರೆ ಬಣ್ಣ ನೋಡಿ ಜಾತಿಯನ್ನು ಹೇಳಲು ಅಡುಗೆಮನೆಯಲ್ಲಿ ಯಾರಿಗೂ ಸಾಧ್ಯವಿಲ್ಲ, ಮತ್ತು ನೀರು ಹೆಚ್ಚಿರುವ ಪದಾರ್ಥದಲ್ಲಿ ವಿಷವು ತಂತುಗಳನ್ನೂ ದಾಟಿ ಮುಂದಕ್ಕೆ ಹರಡಬಲ್ಲದು. ಇದಕ್ಕೆ ಪ್ರತಿಯಾಗಿ, ನೆದರ್ಲೆಂಡ್ಸ್‌ನಲ್ಲಿ ಉಗ್ರಾಣದಲ್ಲಿ ಮಾಗಿಸುತ್ತಿದ್ದ ಗಟ್ಟಿ ಚೀಸ್‌ಗಳ ಹೊರಮೈಯಲ್ಲಿ ಆಸ್ಪರ್ಜಿಲಸ್ ಜಾತಿಯೊಂದು ಬೆಳೆದು ವಿಷವನ್ನು ಬಿಟ್ಟಿದ್ದಾಗ, ಪರೀಕ್ಷೆಯಲ್ಲಿ ಆ ವಿಷ ಸಿಕ್ಕಿದ್ದು ಹೊರಗಿನ ಸುಮಾರು ಒಂದು ಸೆಂಟಿಮೀಟರ್ ಪದರದಲ್ಲಿ. ಗಟ್ಟಿ ಚೀಸ್‌ನಲ್ಲಿ ಕತ್ತರಿಸಿ ಉಳಿಸುವ ಪದ್ಧತಿಗೆ ಆಧಾರ ಇಂತಹ ತಿಳಿವಳಿಕೆ. ಅಮೆರಿಕದ ಕೃಷಿ ಇಲಾಖೆ ಜನರಿಗೆ ಕೊಡುವ ಸಲಹೆಯಲ್ಲಿ ಚುಕ್ಕೆಯ ಸುತ್ತಲೂ ಹಾಗೂ ಅದರ ಕೆಳಕ್ಕೂ ಕನಿಷ್ಠ ಒಂದು ಅಂಗುಲ, ಅಂದರೆ ಸುಮಾರು ಎರಡೂವರೆ ಸೆಂಟಿಮೀಟರ್, ತೆಗೆದುಹಾಕಿ ಎನ್ನುತ್ತದೆ.

ಈ ಒಂದು ಅಂಗುಲವನ್ನು ನಮ್ಮ ಒಂದು ಕಿಲೋ ಚೆಡ್ಡಾರ್‌ನ ಮೇಲೆ ಅಳೆದು ನೋಡೋಣ. ಅದು 15 ಸೆಂಟಿಮೀಟರ್ ಉದ್ದ, 10 ಅಗಲ, 6 ಎತ್ತರ ಇದೆ ಎಂದಿಟ್ಟುಕೊಳ್ಳಿ. ಚುಕ್ಕೆ ಇರುವುದು ಒಂದು ತುದಿಯ ಮುಖದ ಮೇಲೆ. ಚುಕ್ಕೆಯ ಸುತ್ತ ಬಟ್ಟಲಿನಂತೆ ಕೆತ್ತುವುದಕ್ಕಿಂತ ಆ ತುದಿಯಿಂದ ಎರಡೂವರೆ ಸೆಂಟಿಮೀಟರ್ ದಪ್ಪದ ಇಡೀ ಹೋಳನ್ನೇ ಕತ್ತರಿಸುವುದು ಉತ್ತಮ, ಏಕೆಂದರೆ ಕೆತ್ತುವಾಗ ಚಾಕು ಬೂಷ್ಟಿಗೆ ತಗಲುವ ಸಂಭವ ಹೆಚ್ಚು. ಹೀಗೆ ಕತ್ತರಿಸಿದರೆ ಆರರಲ್ಲಿ ಒಂದು ಭಾಗ, ಅಂದರೆ ಸುಮಾರು 165 ಗ್ರಾಂ ಹೋಗಿ, 800 ಗ್ರಾಂಗಿಂತ ಹೆಚ್ಚು ಉಳಿಯುತ್ತದೆ. ಚಾಕುವನ್ನು ಚುಕ್ಕೆಯ ಮೂಲಕ ಎಳೆಯಕೂಡದು. ಶುದ್ಧವಾದ ಭಾಗದಲ್ಲಿಯೇ ಇಳಿಸಬೇಕು. ಚಾಕುವಿಗೆ ಬೂಷ್ಟು ಸೋಕಿತೆಂದು ಅನುಮಾನ ಬಂದರೆ ಅದನ್ನು ಸೋಪಿನ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಮತ್ತೆ ಕತ್ತರಿಸಬೇಕು. ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಅಲ್ಲಿ ಬಿರುಕು ಇದ್ದು ಅದರೊಳಗೆ ಬಣ್ಣ ಕಾಣಿಸಿದರೆ ಲೆಕ್ಕ ಬದಲಾಗುತ್ತದೆ, ಏಕೆಂದರೆ ಬಿರುಕಿನಲ್ಲಿ ಗಾಳಿ ಇರುತ್ತದೆ, ಗಾಳಿ ಇದ್ದಲ್ಲಿ ಬೂಷ್ಟು ಒಳಕ್ಕೆ ಹೋಗುತ್ತದೆ. ಆಗ ಆ ಗಡ್ಡೆಯನ್ನು ಎಸೆಯುವುದೇ ಸರಿ. ಒಳಭಾಗ ಶುದ್ಧವಾಗಿದ್ದರೆ ಹಳೆಯ ಹೊದಿಕೆಯನ್ನು ಬಿಸಾಡಿ ಹೊಸ ಹೊದಿಕೆಯಲ್ಲಿ ಸುತ್ತಿಡಿ. ಹಳೆಯದರಲ್ಲಿ ಬೀಜಕಣಗಳು ಅಂಟಿಕೊಂಡಿರುತ್ತವೆ. ಇನ್ನೊಂದು ಮಾತು, ಬೂಷ್ಟು ಹಿಡಿದದ್ದನ್ನು ಮೂಗಿನ ಬಳಿ ಹಿಡಿದು ಮೂಸಬೇಡಿ. ಅಲರ್ಜಿ ಅಥವಾ ಉಬ್ಬಸ ಇರುವವರಿಗೆ ಆ ಬೀಜಕಣಗಳಿಂದಲೇ ತೊಂದರೆಯಾಗಬಹುದು.

ಇದೇ ಅಳತೆಯನ್ನು 200 ಗ್ರಾಂನ ಸಣ್ಣ ಚೀಸ್ ಗಟ್ಟಿಗೆ ಅನ್ವಯಿಸಿದರೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಅದರ ದಪ್ಪವೇ ಮೂರು ಸೆಂಟಿಮೀಟರ್ ಇದ್ದರೆ, ನಡುವಿನಲ್ಲಿ ಬಂದ ಒಂದು ಚುಕ್ಕೆಗಾಗಿ ಎರಡೂವರೆ ಸೆಂಟಿಮೀಟರ್ ಆಳಕ್ಕೂ ಸುತ್ತಲೂ ಅಷ್ಟೇ ಅಗಲಕ್ಕೂ ತೆಗೆದ ಮೇಲೆ ಉಳಿಯುವುದು ಎರಡು ತುದಿಗಳ ಚೂರು ಮಾತ್ರ. ಅಂಚಿನಲ್ಲಿ ಬಂದಿದ್ದರೆ ಒಂದಿಷ್ಟು ಉಳಿಯಬಹುದು. ನಮ್ಮಲ್ಲಿ ಹೆಚ್ಚಾಗಿ ಮಾರಾಟವಾಗುವ ಸಂಸ್ಕರಿಸಿದ ಚೀಸ್ ಇಂತಹ ಸಣ್ಣ ಗಾತ್ರದಲ್ಲಿಯೇ ಬರುತ್ತದೆ, ಜೊತೆಗೆ ಅದರ ತೇವಾಂಶ ಚೆಡ್ಡಾರ್‌ಗಿಂತ ಹೆಚ್ಚು. ಆದ್ದರಿಂದ ಅದರ ವಿಷಯದಲ್ಲಿ ಕತ್ತರಿಸಿ ಉಳಿಸಲು ನಾನು ಸಲಹೆ ಕೊಡುವುದಿಲ್ಲ. ಇನ್ನು ಹಾಳೆಗಳಾಗಿ ಸೀಳಿದ ಚೀಸ್ ಮತ್ತು ಪಿಜ್ಜಾಕ್ಕೆಂದು ತುರಿದು ಪ್ಯಾಕೆಟ್ಟಿನಲ್ಲಿ ತುಂಬಿದ ಚೀಸ್: ಅದು ಯಾವ ಗಟ್ಟಿ ಜಾತಿಯಿಂದ ಮಾಡಿದ್ದಾದರೂ ಸರಿ, ಒಂದು ಎಳೆಯಲ್ಲಿ ಬೂಷ್ಟು ಕಂಡರೆ ಇಡೀ ಪ್ಯಾಕೆಟ್ ಹೋಗಬೇಕು. ತುರಿದಾಗ ಗಟ್ಟಿತನ ಕೊಟ್ಟ ರಕ್ಷಣೆ ಇಲ್ಲವಾಗುತ್ತದೆ. ಪ್ರತಿ ಎಳೆಯ ಸುತ್ತಲೂ ಗಾಳಿ, ಎಲ್ಲವೂ ಮೇಲ್ಮೈಯೇ, ಮತ್ತು ಪ್ಯಾಕೆಟ್ಟನ್ನು ಅಲುಗಾಡಿಸಿದಾಗಲೆಲ್ಲ ಬೀಜಕಣಗಳು ಎಲ್ಲೆಡೆ ಸೇರಿರುತ್ತವೆ.

ಗೌಡಾ, ಎಡಮ್, ಸ್ವಿಸ್ ಚೀಸ್‌ಗಳು ದೊಡ್ಡ ತುಂಡುಗಳಾಗಿದ್ದರೆ ಚೆಡ್ಡಾರ್‌ನ ನಿಯಮವನ್ನೇ ಅನುಸರಿಸಬಹುದು. ನೀರಿನಲ್ಲಿ ಮುಳುಗಿಸಿ ಮಾರುವ ತಾಜಾ ಮೊಝರೆಲ್ಲಾ, ಉಪ್ಪುನೀರಿನ ಫೆಟಾ, ಕ್ರೀಮ್ ಚೀಸ್, ಡಬ್ಬಿಯಲ್ಲಿ ಬರುವ ಚೀಸ್ ಸ್ಪ್ರೆಡ್ ಇವೆಲ್ಲ ಪನೀರಿನ ಪಕ್ಷ. ಡಬ್ಬಿಯ ಮೇಲ್ಭಾಗವನ್ನು ಚಮಚದಿಂದ ತೆಗೆದು ಕೆಳಗಿನದನ್ನು ಬಳಸುವ ಅಭ್ಯಾಸ ಹಲವರಲ್ಲಿದೆ. ದಯವಿಟ್ಟು ಅದನ್ನು ಬಿಡಿ.

ಇಲ್ಲಿ ಸಾಮಾನ್ಯವಾಗಿ ಬರುವ ವಾದವೊಂದಿದೆ: ನೀಲಿ ಚೀಸನ್ನು ಬೂಷ್ಟಿನ ಸಮೇತ ತಿನ್ನುತ್ತಾರಲ್ಲ, ಹಾಗಾದರೆ ಇದನ್ನೇಕೆ ತಿನ್ನಬಾರದು ಎಂಬುದು. ರೋಕ್‌ಫೋರ್ ಚೀಸ್‌ನಲ್ಲಿರುವುದು ಪೆನಿಸಿಲಿಯಂ ರೋಕ್‌ಫೋರ್ಟಿ, ಕ್ಯಾಮೆಂಬೆರ್ ಮತ್ತು ಬ್ರೀ ಚೀಸ್‌ಗಳ ಬಿಳಿ ಹೊರಪದರದಲ್ಲಿರುವುದು ಪೆನಿಸಿಲಿಯಂ ಕ್ಯಾಮೆಂಬರ್ಟಿ. ಇವುಗಳ ಆಯ್ದ ತಳಿಗಳನ್ನು ಚೀಸ್ ತಯಾರಿಸುವವರು ಬೇಕೆಂದೇ ಸೇರಿಸುತ್ತಾರೆ, ಅವು ಬೆಳೆಯುವ ಉಷ್ಣತೆ ಮತ್ತು ತೇವವನ್ನು ನಿಯಂತ್ರಿಸುತ್ತಾರೆ. ನಿಮ್ಮ ಪನೀರಿನ ಮೇಲೆ ಬಂದದ್ದು ಗಾಳಿಯಲ್ಲಿ ತೇಲಿಬಂದ ಅಪರಿಚಿತ. ಅಷ್ಟೇ ಅಲ್ಲ, ಈ ಚೀಸ್‌ಗಳ ಮೇಲೂ ಹೊರಗಿನ ಬೂಷ್ಟು ಬರಬಹುದು. ಮೃದುವಾದ ಬ್ರೀಯ ಬಿಳಿ ಪದರದ ಮೇಲೆ ಕಪ್ಪು, ಹಸಿರು ಅಥವಾ ಗುಲಾಬಿ ಬಣ್ಣದ ನಯವಾದ ಕೂದಲು ಕಂಡರೆ ಅದನ್ನು ಎಸೆಯಬೇಕು. ನೀಲಿ ಚೀಸ್‌ಗಳಲ್ಲಿ ಗಟ್ಟಿಯಾದ ಸ್ಟಿಲ್ಟನ್‌ನ ಹೊರಮೈ ಮೇಲೆ ಬಂದಿದ್ದರೆ ಒಂದು ಅಂಗುಲ ಕತ್ತರಿಸಿ ಉಳಿಸಬಹುದು. ಇಲ್ಲಿಯೂ ನಿರ್ಣಯವನ್ನು ಕೊಡುವುದು ಗಡಸುತನವೇ.

ಎಸೆಯಬಾರದ್ದನ್ನು ಎಸೆಯುವುದೂ ಉಂಟು. ಹಳೆಯ ಚೆಡ್ಡಾರ್‌ನ ಮೈಮೇಲೆ ಬಿಳಿಯ ಪುಡಿಯಂತಹ ಪದರವೋ ಚುಕ್ಕೆಗಳೋ ಕಂಡರೆ ಅದು ಕ್ಯಾಲ್ಸಿಯಂ ಲ್ಯಾಕ್ಟೇಟ್‌ನ ಹರಳಾಗಿರಬಹುದು. ಪಾರ್ಮೆಸಾನ್‌ನ ಒಳಗೆ ಹಲ್ಲಿಗೆ ಕರಕರ ಎನ್ನುವ ಬಿಳಿ ಕಾಳುಗಳು ಹೆಚ್ಚಾಗಿ ಟೈರೋಸಿನ್ ಎಂಬ ಅಮೈನೋ ಆಮ್ಲದ ಹರಳುಗಳು. ಇವೆರಡೂ ನಿರಪಾಯಕಾರಿ. ಬೆರಳ ತುದಿಯಿಂದ ಮುಟ್ಟಿ ನೋಡಿ: ಹರಳು ಗಡುಸಾಗಿರುತ್ತದೆ, ಮರಳಿನಂತೆ ಉದುರುತ್ತದೆ. ಬೂಷ್ಟು ಮೆತ್ತಗಿರುತ್ತದೆ, ಓರೆಯಾಗಿ ನೋಡಿದರೆ ಸಣ್ಣ ಕೂದಲುಗಳು ಎದ್ದಿರುತ್ತವೆ, ಒತ್ತಿದರೆ ಸವರಿಕೊಂಡು ಹೋಗುತ್ತದೆ. ಕೆಲವು ದಿನ ಬಿಟ್ಟು ನೋಡಿದಾಗ ಅದಕ್ಕೆ ಬಣ್ಣವೂ ಬಂದಿರುತ್ತದೆ. ಹರಳಿಗೆ ಎಂದೂ ಬಣ್ಣ ಬರುವುದಿಲ್ಲ.

ಪನೀರಿನಲ್ಲಿ ಬೂಷ್ಟು ಬರುವವರೆಗೆ ಕಾಯುವುದೇ ತಡ. ಅದಕ್ಕೂ ಮೊದಲು ಮೇಲ್ಮೈ ಜಾರತೊಡಗುತ್ತದೆ, ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ, ಹುಳಿಯ ಅಥವಾ ಹಳಸಿದ ವಾಸನೆ ಬರುತ್ತದೆ. ಈ ಹಂತದಲ್ಲಿಯೇ ಅದು ತಿನ್ನಲು ಯೋಗ್ಯವಲ್ಲ. ತೊಳೆದರೆ ಜಾರು ಹೋಗಬಹುದು, ಒಳಗೆ ಸೇರಿದ ಬ್ಯಾಕ್ಟೀರಿಯಾ ಹೋಗುವುದಿಲ್ಲ. ಗಾಳಿ ತೆಗೆದು ಮುಚ್ಚಿದ ಪೊಟ್ಟಣದ ಮೇಲೆ ವಾರಗಳ ಅವಧಿ ಮುದ್ರಿಸಿರಬಹುದು, ಆದರೆ ಆ ಅವಧಿ ಪೊಟ್ಟಣ ಒಡೆಯುವವರೆಗೆ ಮಾತ್ರ ಅನ್ವಯಿಸುತ್ತದೆ. ಒಡೆದ ಮೇಲೆ ಎರಡು ಮೂರು ದಿನಗಳಲ್ಲಿ ಬಳಸಬೇಕು. ಮುಚ್ಚಿದ ಡಬ್ಬಿಯಲ್ಲಿ ಶುದ್ಧವಾದ ತಣ್ಣೀರಿನಲ್ಲಿ ಮುಳುಗಿಸಿಟ್ಟು, ನೀರನ್ನು ದಿನವೂ ಬದಲಿಸಿದರೆ ಮೇಲ್ಮೈಗೆ ಗಾಳಿ ತಾಗದು, ಬೂಷ್ಟು ತಡವಾಗುತ್ತದೆ. ಆದರೆ ಬ್ಯಾಕ್ಟೀರಿಯಾಕ್ಕೆ ನೀರು ಅಡ್ಡಿಯಲ್ಲ ಎಂಬುದನ್ನು ಮರೆಯಬಾರದು. ಅಷ್ಟರಲ್ಲಿ ಮುಗಿಯುವುದಿಲ್ಲ ಎನಿಸಿದರೆ ತಂದ ದಿನವೇ ತುಂಡು ಮಾಡಿ ಫ್ರೀಜರಿನಲ್ಲಿಡಿ. ಕರಗಿದ ಮೇಲೆ ಸ್ವಲ್ಪ ಪುಡಿಪುಡಿಯಾಗುತ್ತದೆ, ಪಲ್ಯಕ್ಕೂ ಗ್ರೇವಿಗೂ ಅದು ಸಾಲುತ್ತದೆ.

ಉಪನ್ಯಾಸದ ನಂತರ ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿಯೇ ಸೇರಿಸುತ್ತಿದ್ದೇನೆ. ಮೊದಲನೆಯದನ್ನು ಕೇಳಿದವರು ಒಬ್ಬ ಗೃಹಿಣಿ: "ಚುಕ್ಕೆ ತೆಗೆದು ಎಣ್ಣೆಯಲ್ಲಿ ಚೆನ್ನಾಗಿ ಕರಿದರೆ ಎಲ್ಲ ಸಾಯುವುದಿಲ್ಲವೇ, ಸರ್?" ಜೀವಿಗಳ ಮಟ್ಟಿಗೆ ಅವರ ಮಾತು ಬಹುಪಾಲು ನಿಜ. ಒಳಗಿನವರೆಗೂ ಬಿಸಿಯಾದರೆ ಲಿಸ್ಟೀರಿಯಾ ಸಾಯುತ್ತದೆ, ಶಿಲೀಂಧ್ರವೂ ಸಾಯುತ್ತದೆ. ಆದರೆ ಶಿಲೀಂಧ್ರದ ವಿಷಗಳಲ್ಲಿ ಅನೇಕವು ಅಡುಗೆಯ ಬಿಸಿಗೆ ನಾಶವಾಗುವುದಿಲ್ಲ. ಪನೀರನ್ನು ಮುಟ್ಟಿದ ಕೈಯಿಂದ ಬರುವ ಸ್ಟೆಫಿಲೋಕಾಕಸ್ ಬ್ಯಾಕ್ಟೀರಿಯಾ ಅದು ಹೊರಗಿದ್ದ ಹೊತ್ತಿನಲ್ಲಿ ಬೆಳೆದು ವಿಷವನ್ನು ಬಿಟ್ಟಿದ್ದರೆ ಅದೂ ಕುದಿಯುವ ಬಿಸಿಯನ್ನು ತಾಳಿಕೊಳ್ಳುತ್ತದೆ. ಬೇಯಿಸುವುದರಿಂದ ಬೂಷ್ಟು ಬಂದ ಪನೀರು ಸುರಕ್ಷಿತವಾಗುವುದಿಲ್ಲ.

ಎರಡನೆಯ ಪ್ರಶ್ನೆ, ಗೊತ್ತಿಲ್ಲದೆ ತಿಂದುಬಿಟ್ಟರೆ ಏನು ಮಾಡಬೇಕು ಎಂಬುದು. ಆರೋಗ್ಯವಂತರು ಒಂದು ತುಂಡು ತಿಂದರೆ ಹೆಚ್ಚಿನ ಸಂದರ್ಭಗಳಲ್ಲಿ ಏನೂ ಆಗುವುದಿಲ್ಲ. ಬಲವಂತವಾಗಿ ವಾಂತಿ ಮಾಡಿಸಬೇಕಾಗಿಲ್ಲ. ವಾಂತಿ, ಭೇದಿ ಅಥವಾ ಜ್ವರ ಶುರುವಾದರೆ, ಇಲ್ಲವೇ ಅಲರ್ಜಿಯ ಲಕ್ಷಣವಾಗಿ ಉಸಿರಾಟಕ್ಕೆ ಕಷ್ಟವಾದರೆ ವೈದ್ಯರ ಬಳಿ ಹೋಗಬೇಕು. ತಿಂದವರು ಗರ್ಭಿಣಿಯರು, ವೃದ್ಧರು ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದವರಾಗಿದ್ದರೆ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಲಿಸ್ಟೀರಿಯಾ ಸೋಂಕಿನ ಲಕ್ಷಣಗಳು ಕೆಲವೊಮ್ಮೆ ವಾರಗಳ ನಂತರ ಕಾಣಿಸಿಕೊಳ್ಳುತ್ತವೆ. ಮುಂದಿನ ಒಂದೆರಡು ತಿಂಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಅದನ್ನು ಸಾಮಾನ್ಯ ಜ್ವರವೆಂದು ಬಿಡದೆ, ಇಂತಹ ಪನೀರ್ ತಿಂದಿದ್ದೆ ಎಂಬುದನ್ನು ವೈದ್ಯರಿಗೆ ಹೇಳಬೇಕು. ರಕ್ತಪರೀಕ್ಷೆಯಿಂದ ಅದನ್ನು ಗುರುತಿಸಬಹುದು, ಮತ್ತು ಅದಕ್ಕೆ ಪ್ರತಿಜೀವಕ ಔಷಧಿಗಳಿವೆ.